ಎತ್ತರಕ್ಕೆ ಪೂರ್ಣವಿರಾಮ ಇಡುವವರು ಯಾರು?

ಮನೆಯ ಬಾಗಿಲ ಚೌಕಟ್ಟಿಗೆ ಮಗುವನ್ನು ನಿಲ್ಲಿಸಿ, ತಲೆಯ ಮಟ್ಟಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆಯುವುದು ಅನೇಕ ಮನೆಗಳಲ್ಲಿ ಕಾಣುವ ನೋಟ. ವರ್ಷದಿಂದ ವರ್ಷಕ್ಕೆ ಗೆರೆ ಮೇಲೇರುತ್ತದೆ. ಹರೆಯ ಬಂದಾಗ ಒಂದೆರಡು ವರ್ಷ ಭರದಿಂದ ಏರುತ್ತದೆ. ಆಮೇಲೆ ನಿಧಾನವಾಗಿ ಒಂದು ದಿನ ನಿಂತೇ ಹೋಗುತ್ತದೆ. ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ ಹದಿನಾಲ್ಕು ಹದಿನಾರರ ಹೊತ್ತಿಗೆ, ಗಂಡುಮಕ್ಕಳಲ್ಲಿ ಹದಿನಾರು ಹದಿನೆಂಟರ ಹೊತ್ತಿಗೆ ಈ ನಿಲುಗಡೆ ಬರುತ್ತದೆ. ಅನಂತರ ಎಷ್ಟೇ ಉಂಡರೂ ಎಷ್ಟೇ ವ್ಯಾಯಾಮ ಮಾಡಿದರೂ ಮೈ ತುಂಬಬಹುದೇ ಹೊರತು ಎತ್ತರ ಹೆಚ್ಚುವುದಿಲ್ಲ. ಬೆಳೆಯುತ್ತಿದ್ದ ಮೂಳೆಗೆ ‘ಇಲ್ಲಿಗೆ ಸಾಕು’ ಎಂದು ಹೇಳುವವರು ಯಾರು?

ಈ ಪ್ರಶ್ನೆಗೆ ವೈದ್ಯಶಾಸ್ತ್ರವು ಬಹುಕಾಲ ನೀಡುತ್ತಿದ್ದ ಉತ್ತರ ಅರ್ಧ ಮಾತ್ರ ಸರಿಯಾಗಿತ್ತು. ಉಳಿದರ್ಧವನ್ನು ತಿದ್ದಿದವರು, ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಲೇ ಇದ್ದ ಕೆಲವೇ ಕೆಲವು ಪುರುಷರು.

ಮೂಳೆ ಬೆಳೆಯುವ ಬಗೆ

ಮೊದಲು ಮೂಳೆಯು ಹೇಗೆ ಉದ್ದವಾಗುತ್ತದೆ ಎಂಬುದನ್ನು ತಿಳಿಯೋಣ. ತೊಡೆ, ಕಾಲು, ತೋಳುಗಳ ನೀಳ ಮೂಳೆಗಳು ಇಡಿಯಾಗಿ ಹಿಗ್ಗುವುದಿಲ್ಲ. ಅವುಗಳ ತುದಿಯ ಸಮೀಪದಲ್ಲಿ ಮೃದ್ವಸ್ಥಿಯ ಒಂದು ತೆಳುವಾದ ಪದರವಿರುತ್ತದೆ. ಇದನ್ನು ಬೆಳವಣಿಗೆಯ ಫಲಕ ಎಂದು ಕರೆಯಬಹುದು. ನಮ್ಮ ಕಿವಿಯ ಹಾಲೆಯ ಮೇಲ್ಭಾಗವನ್ನು ಮುಟ್ಟಿ ನೋಡಿದರೆ ಮೃದ್ವಸ್ಥಿ ಎಂದರೆ ಎಂಥದು ಎಂಬ ಕಲ್ಪನೆ ಬರುತ್ತದೆ. ಅದು ಮೂಳೆಯಷ್ಟು ಗಟ್ಟಿಯಲ್ಲ, ಮಾಂಸದಷ್ಟು ಮೆತ್ತಗೂ ಇಲ್ಲ.

ಈ ಫಲಕದ ಒಂದು ಅಂಚಿನಲ್ಲಿ ಮೂಲ ಜೀವಕೋಶಗಳು ಶಾಂತವಾಗಿ ಕಾದಿರುತ್ತವೆ. ಅವುಗಳಲ್ಲಿ ಕೆಲವು ಎಚ್ಚತ್ತು ಒಂದರಿಂದ ಎರಡಾಗಿ, ಎರಡರಿಂದ ನಾಲ್ಕಾಗಿ ವಿಭಜನೆಗೊಂಡು, ನಾಣ್ಯಗಳನ್ನು ಒಂದರ ಮೇಲೊಂದು ಜೋಡಿಸಿದಂತೆ ಸಾಲುಗಟ್ಟುತ್ತವೆ. ಸಾಲಿನ ಇನ್ನೊಂದು ತುದಿಯಲ್ಲಿರುವ ಕೋಶಗಳು ಊದಿಕೊಳ್ಳುತ್ತವೆ. ಅವು ಬಿಟ್ಟುಕೊಟ್ಟ ಜಾಗದಲ್ಲಿ ಸುಣ್ಣಾಂಶ ತುಂಬಿಕೊಂಡು ಹೊಸ ಮೂಳೆ ರೂಪುಗೊಳ್ಳುತ್ತದೆ. ಹೀಗೆ ಒಂದು ಕಡೆ ಮೃದ್ವಸ್ಥಿ ಹುಟ್ಟುತ್ತ, ಇನ್ನೊಂದು ಕಡೆ ಅದು ಮೂಳೆಯಾಗುತ್ತ ಹೋಗುವುದರಿಂದ ಮೂಳೆಯ ಉದ್ದ ಹೆಚ್ಚುತ್ತದೆ. ಒಂದು ಕಾಲಕ್ಕೆ ಹೊಸ ಕೋಶಗಳ ಹುಟ್ಟು ನಿಲ್ಲುತ್ತದೆ, ಉಳಿದ ಮೃದ್ವಸ್ಥಿಯೆಲ್ಲ ಮೂಳೆಯಾಗುತ್ತದೆ, ಫಲಕ ಇಲ್ಲವಾಗುತ್ತದೆ. ವೈದ್ಯರು ಇದನ್ನೇ ಫಲಕ ‘ಮುಚ್ಚಿತು’ ಎನ್ನುತ್ತಾರೆ. ಮುಚ್ಚಿದ ಫಲಕ ಮತ್ತೆ ತೆರೆಯುವುದಿಲ್ಲ.

ಕ್ಷ-ಕಿರಣದ ಚಿತ್ರದಲ್ಲಿ ತೆರೆದ ಫಲಕವು ಮೂಳೆಯ ತುದಿಯ ಬಳಿ ಒಂದು ಕಪ್ಪು ಗೆರೆಯಾಗಿ ಕಾಣುತ್ತದೆ. ಮುಚ್ಚಿದ ಮೇಲೆ ಆ ಗೆರೆ ಅಳಿಯುತ್ತದೆ. ಎಡಗೈಯ ಹಸ್ತ ಮತ್ತು ಮಣಿಕಟ್ಟಿನ ಚಿತ್ರವನ್ನು ತೆಗೆದು, ಆಯಾ ವಯಸ್ಸಿನ ಮಕ್ಕಳ ಮಾದರಿ ಚಿತ್ರಗಳೊಡನೆ ಹೋಲಿಸಿ, ಮೂಳೆ ಎಷ್ಟು ವರ್ಷದಷ್ಟು ಪಕ್ವವಾಗಿದೆ ಎಂದು ವೈದ್ಯರು ಹೇಳುತ್ತಾರೆ. ಇದಕ್ಕೆ ‘ಮೂಳೆಯ ವಯಸ್ಸು’ ಎಂದು ಹೆಸರು. ಮುಂದಿನ ಕಥೆಗೆ ಈ ಮಾತು ಮುಖ್ಯವಾದದ್ದು.

ಹಳೆಯ ನಂಬಿಕೆ

ಹರೆಯದಲ್ಲಿ ಹುಡುಗಿಯರ ಅಂಡಾಶಯವು ಈಸ್ಟ್ರೋಜನ್ ಎಂಬ ಹಾರ್ಮೋನನ್ನೂ, ಹುಡುಗರ ವೃಷಣವು ಟೆಸ್ಟೋಸ್ಟೆರೋನ್ ಎಂಬ ಹಾರ್ಮೋನನ್ನೂ ಸ್ರವಿಸುತ್ತವೆ. ಮೈಯ ಬದಲಾವಣೆಗಳೂ ಎತ್ತರದ ನಿಲುಗಡೆಯೂ ಇದೇ ಕಾಲದಲ್ಲಿ ಬರುವುದರಿಂದ, ಹೆಣ್ಣಿನಲ್ಲಿ ಫಲಕವನ್ನು ಮುಚ್ಚುವುದು ಈಸ್ಟ್ರೋಜನ್, ಗಂಡಿನಲ್ಲಿ ಮುಚ್ಚುವುದು ಟೆಸ್ಟೋಸ್ಟೆರೋನ್ ಎಂದು ಬಹುಕಾಲ ಭಾವಿಸಲಾಗಿತ್ತು. ಈಸ್ಟ್ರೋಜನ್ ಹೆಣ್ಣುಮಕ್ಕಳ ಎತ್ತರವನ್ನು ನಿಲ್ಲಿಸಬಲ್ಲದು ಎಂಬುದು ಎಷ್ಟು ಖಚಿತವಾಗಿತ್ತೆಂದರೆ, 1950ರ ದಶಕದಿಂದ ಪಾಶ್ಚಾತ್ಯ ದೇಶಗಳಲ್ಲಿ ಅತಿ ಎತ್ತರ ಬೆಳೆಯುತ್ತಿದ್ದ ಹುಡುಗಿಯರಿಗೆ ಅದನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು ಬೆಳವಣಿಗೆಯನ್ನು ತಡೆಯುವ ರೂಢಿಯೇ ಇತ್ತು. ಅಂಥ ಚಿಕಿತ್ಸೆ ಪಡೆದ ಸ್ತ್ರೀಯರಲ್ಲಿ ಮುಂದೆ ಗರ್ಭಧಾರಣೆಯ ತೊಡಕುಗಳು ಹೆಚ್ಚಾಗಿ ಕಂಡುಬಂದವು.

ಗಂಡುಮಕ್ಕಳ ಲೆಕ್ಕ ಬೇರೆಯೆಂದೇ ಎಲ್ಲರೂ ತಿಳಿದಿದ್ದರು. ಟೆಸ್ಟೋಸ್ಟೆರೋನ್ ಕೊಟ್ಟರೆ ಹುಡುಗನ ಫಲಕ ಮುಚ್ಚುವುದನ್ನು ವೈದ್ಯರು ಕಣ್ಣಾರೆ ಕಂಡಿದ್ದರು. ಆದರೆ ಆ ನೋಟದ ಹಿಂದೆ ಇನ್ನೊಂದು ಸಂಗತಿ ಮರೆಯಾಗಿತ್ತು. ಗಂಡಸಿನ ಶರೀರದಲ್ಲಿಯೂ ಈಸ್ಟ್ರೋಜನ್ ಇರುತ್ತದೆ. ಅರೋಮಟೇಸ್ ಎಂಬ ಕಿಣ್ವವು ಕೊಬ್ಬು, ಮೂಳೆ, ಮೆದುಳು ಮೊದಲಾದ ಕಡೆಗಳಲ್ಲಿ ಟೆಸ್ಟೋಸ್ಟೆರೋನಿನ ಒಂದು ಸಣ್ಣ ಪಾಲನ್ನು ಈಸ್ಟ್ರೋಜನ್ ಆಗಿ ಮಾರ್ಪಡಿಸುತ್ತದೆ. ಮುಟ್ಟು ನಿಂತ ಸ್ತ್ರೀಗಿಂತ ಅದೇ ವಯಸ್ಸಿನ ಪುರುಷನ ರಕ್ತದಲ್ಲಿ ಈಸ್ಟ್ರೋಜನ್ ಹೆಚ್ಚಾಗಿಯೇ ಇರುವುದುಂಟು. ಹಾಗಾದರೆ ಹುಡುಗನ ಫಲಕವನ್ನು ಮುಚ್ಚಿದ್ದು ಟೆಸ್ಟೋಸ್ಟೆರೋನೇ, ಅಥವಾ ಅದರಿಂದ ಹುಟ್ಟಿದ ಈಸ್ಟ್ರೋಜನ್ನೇ? ಎರಡೂ ಒಟ್ಟಿಗೇ ಇರುವ ದೇಹದಲ್ಲಿ ಇದನ್ನು ಬಿಡಿಸಿ ಹೇಳುವುದು ಸಾಧ್ಯವಿರಲಿಲ್ಲ. ಒಂದು ಇದ್ದು ಇನ್ನೊಂದು ಇಲ್ಲದ ದೇಹ ಬೇಕಾಗಿತ್ತು.

ಇಪ್ಪತ್ತೆಂಟು ವರ್ಷದ ವ್ಯಕ್ತಿ, ಹದಿನೈದು ವರ್ಷದ ಮೂಳೆ

1994ರಲ್ಲಿ ಅಮೆರಿಕದ ವೈದ್ಯರು ಅಂಥ ಒಬ್ಬ ಪುರುಷನ ವಿವರವನ್ನು ಪ್ರಕಟಿಸಿದರು. ಅವನಿಗೆ ಆಗ 28 ವರ್ಷ. ಎತ್ತರ 204 ಸೆಂಟಿಮೀಟರ್, ಎಂದರೆ ಆರಡಿ ಎಂಟು ಅಂಗುಲಕ್ಕೂ ತುಸು ಹೆಚ್ಚು. ಅವನ ಎರಡು ಮಂಡಿಗಳು ಒಳಕ್ಕೆ ಬಾಗಿ ಒಂದನ್ನೊಂದು ತಾಗುವಂತಿದ್ದವು, ಆ ಬಾಗು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿತ್ತು. ಹರೆಯವು ಅವನಿಗೆ ಸಕಾಲದಲ್ಲಿಯೇ ಬಂದಿತ್ತು. ಪುರುಷನ ಲಕ್ಷಣಗಳೆಲ್ಲ ಸಹಜವಾಗಿದ್ದವು. ರಕ್ತದಲ್ಲಿ ಟೆಸ್ಟೋಸ್ಟೆರೋನ್ ಸರಿಯಾದ ಪ್ರಮಾಣದಲ್ಲಿತ್ತು. ಹಳೆಯ ನಂಬಿಕೆಯ ಪ್ರಕಾರ ಅವನ ಬೆಳವಣಿಗೆಯ ಫಲಕಗಳು ಹತ್ತು ವರ್ಷಗಳ ಹಿಂದೆಯೇ ಮುಚ್ಚಿರಬೇಕಾಗಿತ್ತು.

ಆದರೆ ಕ್ಷ-ಕಿರಣದ ಚಿತ್ರದಲ್ಲಿ ಆ ಕಪ್ಪು ಗೆರೆಗಳು ಇನ್ನೂ ಇದ್ದವು. ಅವನ ಮೂಳೆಯ ವಯಸ್ಸು 15 ಎಂದು ತೋರುತ್ತಿತ್ತು. ದೊಡ್ಡವನಾದ ಮೇಲೂ ಅವನು ಮೆಲ್ಲಮೆಲ್ಲಗೆ ಎತ್ತರವಾಗುತ್ತಲೇ ಇದ್ದ. ಜೊತೆಗೆ ಅವನ ಮೂಳೆಗಳ ಸಾಂದ್ರತೆ ಬಹಳ ಕಡಿಮೆಯಾಗಿತ್ತು. ಹರೆಯದ ದೇಹಕ್ಕೆ ಮುದಿ ಮೂಳೆ ಬಂದಂತಿತ್ತು.

ರಕ್ತಪರೀಕ್ಷೆಯಲ್ಲಿ ಇನ್ನೊಂದು ಅಚ್ಚರಿ ಕಾದಿತ್ತು. ಅವನಲ್ಲಿ ಈಸ್ಟ್ರೋಜನ್ ಕೊರತೆಯಿರಲಿಲ್ಲ, ಗಂಡಸರಲ್ಲಿ ಇರಬೇಕಾದುದಕ್ಕಿಂತ ಹೆಚ್ಚಾಗಿಯೇ ಇತ್ತು. ವೈದ್ಯರು ಚರ್ಮಕ್ಕೆ ಅಂಟಿಸುವ ಪಟ್ಟಿಗಳ ಮೂಲಕ ಆರು ತಿಂಗಳ ಕಾಲ ಮತ್ತಷ್ಟು ಈಸ್ಟ್ರೋಜನ್ ಕೊಟ್ಟು ನೋಡಿದರು. ರಕ್ತದಲ್ಲಿ ಅದರ ಮಟ್ಟವು ಸಾಮಾನ್ಯಕ್ಕಿಂತ ಹತ್ತು ಪಟ್ಟಿನವರೆಗೆ ಏರಿತು. ಬೇರೆ ಯಾವ ಪುರುಷನಿಗಾದರೂ ಅಷ್ಟು ಕೊಟ್ಟಿದ್ದರೆ ಸ್ತನಗಳು ಬೆಳೆಯಬೇಕಾಗಿತ್ತು. ಇವನಲ್ಲಿ ಅದೂ ಆಗಲಿಲ್ಲ, ಫಲಕಗಳು ಮುಚ್ಚಲೂ ಇಲ್ಲ, ಮೂಳೆಯ ಸಾಂದ್ರತೆ ಸುಧಾರಿಸಲೂ ಇಲ್ಲ.

ಕಾರಣ ಅವನ ವಂಶವಾಹಿಯಲ್ಲಿ ಸಿಕ್ಕಿತು. ಹಾರ್ಮೋನು ರಕ್ತದಲ್ಲಿ ಹರಿದಾಡಿದರಷ್ಟೇ ಸಾಲದು. ಜೀವಕೋಶದೊಳಗೆ ಅದನ್ನು ಹಿಡಿದುಕೊಳ್ಳುವ ಒಂದು ಪ್ರೋಟೀನು ಇರಬೇಕು. ಅದಕ್ಕೆ ಗ್ರಾಹಕ ಎಂದು ಹೆಸರು. ಹಾರ್ಮೋನು ಕೀಲಿಕೈಯಾದರೆ ಗ್ರಾಹಕವೇ ಬೀಗ. ಈ ವ್ಯಕ್ತಿಯಲ್ಲಿ ಈಸ್ಟ್ರೋಜನ್ ಗ್ರಾಹಕವನ್ನು ಕಟ್ಟುವ ವಂಶವಾಹಿಯ ಒಂದೇ ಒಂದು ಅಕ್ಷರ ಬದಲಾಗಿತ್ತು. ಆ ಬದಲಾವಣೆಯು ಪ್ರೋಟೀನಿನ ರಚನೆಯನ್ನು ನಡುವಿನಲ್ಲಿಯೇ ನಿಲ್ಲಿಸುವ ಸೂಚನೆಯಾಗಿ ಪರಿಣಮಿಸಿತ್ತು. ತಂದೆಯಿಂದ ಬಂದ ಪ್ರತಿಯಲ್ಲಿಯೂ ತಾಯಿಯಿಂದ ಬಂದ ಪ್ರತಿಯಲ್ಲಿಯೂ ಅದೇ ದೋಷವಿತ್ತು. ತಂದೆತಾಯಿಯರು ರಕ್ತಸಂಬಂಧಿಗಳಾಗಿದ್ದರು, ಇಬ್ಬರಲ್ಲಿಯೂ ಒಂದೊಂದು ಪ್ರತಿ ಮಾತ್ರ ಕೆಟ್ಟಿದ್ದುದರಿಂದ ಅವರಿಗೆ ತೊಂದರೆಯಾಗಿರಲಿಲ್ಲ. ಮಗನ ದೇಹದಲ್ಲಿ ಕೀಲಿಕೈಗಳು ಬೇಕಾದಷ್ಟಿದ್ದವು, ಬೀಗವೇ ಇರಲಿಲ್ಲ.

ಟೆಸ್ಟೋಸ್ಟೆರೋನ್ ಸರಿಯಾಗಿದ್ದರೂ ಫಲಕ ಮುಚ್ಚಿಲ್ಲ ಎಂದಾದರೆ, ಮುಚ್ಚುವ ಕೆಲಸ ಟೆಸ್ಟೋಸ್ಟೆರೋನಿನದಲ್ಲ ಎಂದಾಯಿತು. ಆದರೆ ಒಬ್ಬನೇ ವ್ಯಕ್ತಿಯಿಂದ ಇಂಥ ದೊಡ್ಡ ತೀರ್ಮಾನಕ್ಕೆ ಬರಬಹುದೇ?

ಅಕ್ಕ ಮತ್ತು ತಮ್ಮ

ಮರುವರ್ಷವೇ, 1995ರಲ್ಲಿ, ಇನ್ನೊಂದು ಕುಟುಂಬದ ವಿವರ ಹೊರಬಂದಿತು. ಇಲ್ಲಿ ಅಕ್ಕತಮ್ಮಂದಿರಿಬ್ಬರಲ್ಲಿಯೂ ಅರೋಮಟೇಸ್ ಕಿಣ್ವವನ್ನು ಕಟ್ಟುವ ವಂಶವಾಹಿ ಕೆಟ್ಟಿತ್ತು. ಹಿಂದಿನವನಲ್ಲಿ ಬೀಗವಿರಲಿಲ್ಲ. ಇವರಲ್ಲಿ ಬೀಗ ಸರಿಯಾಗಿತ್ತು, ಕೀಲಿಕೈಯೇ ತಯಾರಾಗುತ್ತಿರಲಿಲ್ಲ.

ತಮ್ಮನಿಗೆ 24 ವರ್ಷ. ಎತ್ತರ ಇವನದೂ 204 ಸೆಂಟಿಮೀಟರ್. ಮೂಳೆಯ ವಯಸ್ಸು 14. ರಕ್ತದಲ್ಲಿ ಟೆಸ್ಟೋಸ್ಟೆರೋನ್ ಸಾಮಾನ್ಯಕ್ಕಿಂತ ಬಹಳ ಹೆಚ್ಚಾಗಿತ್ತು, ಈಸ್ಟ್ರೋಜನ್ ಅಳತೆಗೆ ಸಿಗದಷ್ಟು ಕಡಿಮೆಯಿತ್ತು. ಟೆಸ್ಟೋಸ್ಟೆರೋನ್ ಉಕ್ಕಿ ಹರಿಯುತ್ತಿದ್ದರೂ ಅವನ ಫಲಕಗಳು ತೆರೆದೇ ಇದ್ದವು. ಅಕ್ಕನಿಗೆ ಹರೆಯದ ವಯಸ್ಸಿನಲ್ಲಿ ಸ್ತನಗಳು ಬೆಳೆಯಲಿಲ್ಲ, ಮುಟ್ಟು ಬರಲಿಲ್ಲ, ಹುಡುಗಿಯರು ಸರಸರನೆ ಎತ್ತರವಾಗುವ ಆ ಕಾಲದ ಜಿಗಿತವೂ ಕಾಣಲಿಲ್ಲ. ಔಷಧಿಯ ರೂಪದಲ್ಲಿ ಈಸ್ಟ್ರೋಜನ್ ಕೊಡಲಾರಂಭಿಸಿದಾಗ ಇವೆಲ್ಲವೂ ಬಂದವು.

ತಮ್ಮನಿಗೂ ಮುಂದೆ ಸಣ್ಣ ಪ್ರಮಾಣದಲ್ಲಿ ಈಸ್ಟ್ರೋಜನ್ ಕೊಡಲಾಯಿತು. ಅವನಲ್ಲಿ ಬೀಗವಿದ್ದುದರಿಂದ ಹೊರಗಿನಿಂದ ಕೊಟ್ಟ ಕೀಲಿಕೈ ಕೆಲಸ ಮಾಡಿತು. ಫಲಕಗಳು ಮುಚ್ಚಿದವು, ಎತ್ತರ ನಿಂತಿತು, ಟೊಳ್ಳಾಗಿದ್ದ ಮೂಳೆಗಳ ಸಾಂದ್ರತೆ ಏರಿತು. ಇದರ ವಿವರವು 1998ರಲ್ಲಿ ಪ್ರಕಟವಾಯಿತು.

ಇದರ ನಡುವೆ, 1997ರಲ್ಲಿ, ಇಟಲಿಯ ವೈದ್ಯರು ಇದೇ ಕಿಣ್ವದ ಕೊರತೆಯಿದ್ದ, ಮೂವತ್ತು ದಾಟಿದ ಇನ್ನೊಬ್ಬ ಪುರುಷನಲ್ಲಿ ಎರಡನ್ನೂ ಒಂದಾದ ಮೇಲೊಂದರಂತೆ ಪರೀಕ್ಷಿಸಿ ನೋಡಿದ್ದರು. ಟೆಸ್ಟೋಸ್ಟೆರೋನ್ ಕೊಟ್ಟಾಗ ಮೂಳೆಯಲ್ಲಿ ಯಾವ ಸುಧಾರಣೆಯೂ ಕಾಣಲಿಲ್ಲ. ಈಸ್ಟ್ರೋಜನ್ ಪಟ್ಟಿಗಳನ್ನು ಅಂಟಿಸಿದಾಗ ಕೆಲವೇ ತಿಂಗಳುಗಳಲ್ಲಿ ಫಲಕಗಳು ಮುಚ್ಚಿದವು, ಮೂಳೆ ಗಟ್ಟಿಯಾಯಿತು. ದೇಹ ಒಂದೇ, ಔಷಧಿ ಎರಡು, ಫಲ ಒಂದರಿಂದ ಮಾತ್ರ. ಸಂದೇಹಕ್ಕೆ ಹೆಚ್ಚು ಎಡೆ ಉಳಿಯಲಿಲ್ಲ.

ಇದಕ್ಕೆ ಇನ್ನೊಂದು ದಿಕ್ಕಿನಿಂದಲೂ ಸಾಕ್ಷ್ಯವಿದೆ. ಕೆಲವರು ಗಂಡಿನ ವರ್ಣತಂತುಗಳನ್ನು ಹೊತ್ತು ಹುಟ್ಟಿದರೂ ಅವರ ಜೀವಕೋಶಗಳಲ್ಲಿ ಟೆಸ್ಟೋಸ್ಟೆರೋನಿನ ಗ್ರಾಹಕ ಕೆಲಸ ಮಾಡುವುದಿಲ್ಲ. ಅವರು ಹೆಣ್ಣಿನ ರೂಪದಲ್ಲಿಯೇ ಬೆಳೆಯುತ್ತಾರೆ. ಟೆಸ್ಟೋಸ್ಟೆರೋನ್ ಅವರ ಮೇಲೆ ಯಾವ ಪ್ರಭಾವವನ್ನೂ ಬೀರಲಾರದು. ಆದರೂ ಅದರಿಂದ ಹುಟ್ಟಿದ ಈಸ್ಟ್ರೋಜನ್ ಮಾತ್ರದಿಂದಲೇ ಅವರಿಗೆ ಹರೆಯದ ಜಿಗಿತ ಬರುತ್ತದೆ, ಫಲಕಗಳೂ ಮುಚ್ಚುತ್ತವೆ. ಟೆಸ್ಟೋಸ್ಟೆರೋನ್ ಇದ್ದು ಈಸ್ಟ್ರೋಜನ್ ಇಲ್ಲದವರು ಬೆಳೆಯುತ್ತಲೇ ಇದ್ದರು. ಈಸ್ಟ್ರೋಜನ್ ಇದ್ದು ಟೆಸ್ಟೋಸ್ಟೆರೋನ್ ನಾಟದವರು ಸಕಾಲದಲ್ಲಿ ನಿಂತರು. ಆದ್ದರಿಂದ ಹೆಣ್ಣಿರಲಿ, ಗಂಡಿರಲಿ, ಎತ್ತರಕ್ಕೆ ಪೂರ್ಣವಿರಾಮ ಇಡುವುದು ಈಸ್ಟ್ರೋಜನ್.

ಬತ್ತಿ ಮತ್ತು ಎಣ್ಣೆ

ಇಲ್ಲಿ ಓದುಗರಿಗೆ ಒಂದು ಸಂದೇಹ ಬರಬಹುದು. ಹರೆಯದಲ್ಲಿ ಭರದಿಂದ ಎತ್ತರವಾಗುವುದಕ್ಕೂ ಈಸ್ಟ್ರೋಜನ್ನೇ ಕಾರಣ, ಎತ್ತರ ನಿಲ್ಲುವುದಕ್ಕೂ ಅದೇ ಕಾರಣ ಎಂದರೆ ಹೇಗೆ?

ಎಣ್ಣೆಯ ಹಣತೆಯನ್ನು ನೆನೆಯಿರಿ. ಬತ್ತಿಯನ್ನು ಮುಂದಕ್ಕೆ ಎಳೆದರೆ ದೀಪ ಪ್ರಕಾಶವಾಗಿ ಉರಿಯುತ್ತದೆ, ಆದರೆ ಎಣ್ಣೆ ಬೇಗ ತೀರುತ್ತದೆ. ಹರೆಯದ ಆರಂಭದಲ್ಲಿ ಈಸ್ಟ್ರೋಜನ್ ಸ್ವಲ್ಪವೇ ಇರುವಾಗ, ಮೆದುಳಿನ ಕೆಳಗಿರುವ ಪಿಟ್ಯೂಟರಿ ಗ್ರಂಥಿಯಿಂದ ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಬರುವಂತೆ ಮಾಡುತ್ತದೆ. ಮಗು ಸರಸರನೆ ಎತ್ತರವಾಗುತ್ತದೆ. ಅದೇ ಹೊತ್ತಿನಲ್ಲಿ ಈಸ್ಟ್ರೋಜನ್ ಫಲಕದ ಮೂಲ ಕೋಶಗಳ ದಾಸ್ತಾನನ್ನು ಬೇಗ ವ್ಯಯಮಾಡಿಸುತ್ತದೆ. ಆ ಕೋಶಗಳು ಎಷ್ಟು ಸಲ ವಿಭಜನೆಗೊಳ್ಳಬಲ್ಲವು ಎಂಬುದಕ್ಕೆ ಮಿತಿಯಿದೆ. 2001ರಲ್ಲಿ ಮೊಲಗಳ ಮೇಲೆ ನಡೆದ ಪ್ರಯೋಗದಿಂದ ತಿಳಿದುಬಂದದ್ದು ಇದೇ: ಈಸ್ಟ್ರೋಜನ್ ಫಲಕವನ್ನು ನೇರವಾಗಿ ಬೆಸೆಯುವುದಿಲ್ಲ, ಅದನ್ನು ಬೇಗ ಮುಪ್ಪಾಗಿಸುತ್ತದೆ. ಮುಪ್ಪಾದ ಫಲಕ ತಾನಾಗಿಯೇ ಮುಚ್ಚುತ್ತದೆ.

ಈಸ್ಟ್ರೋಜನ್ ಇಲ್ಲದ ಪುರುಷರ ಹಣತೆಯಲ್ಲಿ ಬತ್ತಿ ಸಣ್ಣದಾಗಿತ್ತು. ಅವರು ಒಮ್ಮೆಗೇ ಭರದಿಂದ ಬೆಳೆಯಲಿಲ್ಲ, ಆದರೆ ಎಣ್ಣೆ ತೀರದ ಕಾರಣ ವರ್ಷಾನುಗಟ್ಟಲೆ ಸಣ್ಣಗೆ ಉರಿಯುತ್ತಲೇ ಇದ್ದರು. ಔಷಧಿ ಕೊಟ್ಟ ಕೆಲವೇ ತಿಂಗಳುಗಳಲ್ಲಿ ಫಲಕ ಮುಚ್ಚಿದ್ದೂ ಇದರಿಂದಲೇ ಅರ್ಥವಾಗುತ್ತದೆ. ಅಷ್ಟು ವರ್ಷಗಳಲ್ಲಿ ದಾಸ್ತಾನಿನ ಬಹುಭಾಗ ಖರ್ಚಾಗಿತ್ತು, ತೀರಲು ಸ್ವಲ್ಪವೇ ಉಳಿದಿತ್ತು. ಆರು ವರ್ಷದ ಮಗುವಿನಲ್ಲಿ ಈಸ್ಟ್ರೋಜನ್ ಅಕಾಲದಲ್ಲಿ ಹೆಚ್ಚಿದರೆ ಫಲಕ ಕೂಡಲೇ ಮುಚ್ಚುವುದಿಲ್ಲ, ವರ್ಷಗಳೇ ಹಿಡಿಯುತ್ತವೆ. ಆ ದಾಸ್ತಾನು ಇನ್ನೂ ದೊಡ್ಡದು.

ಹುಡುಗಿಯರು ಸಾಮಾನ್ಯವಾಗಿ ಹುಡುಗರಿಗಿಂತ ಗಿಡ್ಡವಾಗಿರುವುದೇಕೆ ಎಂಬುದಕ್ಕೂ ಇಲ್ಲಿ ಒಂದು ಮುಖ್ಯ ಉತ್ತರವಿದೆ. ಹುಡುಗಿಯರಲ್ಲಿ ಈಸ್ಟ್ರೋಜನ್ ಬೇಗ ಏರುವುದರಿಂದ ಅವರ ಬೆಳವಣಿಗೆಯ ಜಿಗಿತವು ಸುಮಾರು ಎರಡು ವರ್ಷ ಮೊದಲೇ ಬರುತ್ತದೆ. ಐದು ಆರನೆಯ ತರಗತಿಯಲ್ಲಿ ಹುಡುಗಿಯರೇ ಎತ್ತರವಾಗಿ ಕಾಣುವುದು ಇದರಿಂದಲೇ. ಹುಡುಗನಿಗೆ ಆ ಎರಡು ವರ್ಷ ಬಾಲ್ಯದ ಬೆಳವಣಿಗೆಯಾಗಿ ಹೆಚ್ಚುವರಿಯಾಗಿ ಸಿಗುತ್ತವೆ. ಜಿಗಿತ ಆರಂಭವಾಗುವ ಹೊತ್ತಿಗೆ ಅವನು ಹೆಚ್ಚು ಎತ್ತರದಲ್ಲಿ ನಿಂತಿರುತ್ತಾನೆ.

ಮನೆಯವರು ತಿಳಿದಿರಬೇಕಾದದ್ದು

ಮೇಲೆ ಹೇಳಿದ ದೋಷಗಳು ಅತ್ಯಂತ ವಿರಳ. ಆದರೆ ಅವುಗಳಿಂದ ತಿಳಿದ ಸತ್ಯವು ಪ್ರತಿ ಮನೆಗೂ ಅನ್ವಯಿಸುತ್ತದೆ.

ತರಗತಿಯಲ್ಲಿ ಎಲ್ಲರಿಗಿಂತ ಬೇಗ ಎತ್ತರವಾಗುತ್ತಿರುವ ಮಗುವನ್ನು ಕಂಡು ತಂದೆತಾಯಿಯರು ಹಿಗ್ಗುವುದು ಸಹಜ. ಆದರೆ ಹುಡುಗಿಗೆ ಎಂಟು ವರ್ಷ ತುಂಬುವ ಮೊದಲೇ ಎದೆ ಮೂಡತೊಡಗಿದರೆ, ಹುಡುಗನಿಗೆ ಒಂಬತ್ತು ತುಂಬುವ ಮೊದಲೇ ಹರೆಯದ ಚಿಹ್ನೆಗಳು ಕಂಡರೆ, ಅದು ಬತ್ತಿಯನ್ನು ಬೇಗ ಎಳೆದ ದೀಪ. ಇಂದು ಎಲ್ಲರಿಗಿಂತ ಎತ್ತರವಾಗಿರುವ ಆ ಮಗುವೇ ಮುಂದೆ ಎಲ್ಲರಿಗಿಂತ ಮೊದಲು ನಿಂತು ಗಿಡ್ಡವಾಗಿ ಉಳಿಯಬಹುದು. ಇಂಥ ಮಗುವನ್ನು ಮಕ್ಕಳ ತಜ್ಞರಿಗೆ ತಡಮಾಡದೆ ತೋರಿಸಬೇಕು. ಅಂಗೈಯ ಕ್ಷ-ಕಿರಣದಲ್ಲಿ ಮೂಳೆಯ ವಯಸ್ಸು ನಿಜವಾದ ವಯಸ್ಸಿಗಿಂತ ಮುಂದೋಡಿದೆಯೇ ಎಂದು ಅವರು ನೋಡುತ್ತಾರೆ. ಅಗತ್ಯವಿದ್ದರೆ ಹರೆಯವನ್ನು ತಾತ್ಕಾಲಿಕವಾಗಿ ತಡೆಹಿಡಿಯುವ ಚುಚ್ಚುಮದ್ದುಗಳಿವೆ. ಫಲಕ ತೆರೆದಿರುವಾಗ ಮಾತ್ರ ಅವುಗಳಿಂದ ಎತ್ತರಕ್ಕೆ ಪ್ರಯೋಜನ.

ಇದಕ್ಕೆ ವಿರುದ್ಧವಾಗಿ, ಹದಿಮೂರು ಕಳೆದರೂ ಎದೆ ಮೂಡದ ಹುಡುಗಿಗೂ, ಹದಿನಾಲ್ಕು ಕಳೆದರೂ ಹರೆಯದ ಚಿಹ್ನೆ ಕಾಣದ ಹುಡುಗನಿಗೂ ತಪಾಸಣೆ ಬೇಕು. ಹೆಚ್ಚಿನವರಲ್ಲಿ ಅದು ಮನೆತನದ ನಿಧಾನವಷ್ಟೇ ಆಗಿರುತ್ತದೆ. ಇಪ್ಪತ್ತು ದಾಟಿದ ಮೇಲೂ ಎತ್ತರವಾಗುತ್ತಿರುವವರು, ಪಾದರಕ್ಷೆಯ ಅಳತೆ ವರ್ಷವರ್ಷವೂ ಹೆಚ್ಚುತ್ತಿರುವವರು ವೈದ್ಯರನ್ನು ಕಾಣಲೇಬೇಕು. ಇದಕ್ಕೆ ಈಸ್ಟ್ರೋಜನ್ ದೋಷಕ್ಕಿಂತ ಪಿಟ್ಯೂಟರಿ ಗ್ರಂಥಿಯ ಗೆಡ್ಡೆ ಕಾರಣವಾಗಿರುವ ಸಂಭವವೇ ಹೆಚ್ಚು.

ರಕ್ತಸಂಬಂಧದ ವಿವಾಹದ ವಿಷಯವೂ ಇಲ್ಲಿ ಬರುತ್ತದೆ. ನಮ್ಮ ಕಡೆ ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ವಾಡಿಕೆ ಇನ್ನೂ ಇದೆ. ಒಂದೇ ಮೂಲದಿಂದ ಬಂದ ಕೆಟ್ಟ ಪ್ರತಿಯು ಗಂಡಹೆಂಡಿರಿಬ್ಬರಲ್ಲಿಯೂ ಅಡಗಿರುವ ಸಾಧ್ಯತೆ ಇಂಥ ವಿವಾಹದಲ್ಲಿ ಹೆಚ್ಚು. ಮನೆತನದಲ್ಲಿ ವಿವರಿಸಲಾಗದ ಕಾಯಿಲೆಗಳಿದ್ದರೆ ಮದುವೆಗೆ ಮುನ್ನ ವಂಶವಾಹಿ ತಜ್ಞರ ಸಲಹೆ ಪಡೆಯುವುದು ವಿವೇಕ.

ಕೊನೆಯದಾಗಿ, ಎತ್ತರ ಹೆಚ್ಚಿಸುವುದಾಗಿ ಹೇಳಿ ಮಾರುವ ಪುಡಿ, ಗುಳಿಗೆಗಳ ಬಗ್ಗೆ ಒಂದು ಮಾತು. ಇಪ್ಪತ್ತೆರಡು ವರ್ಷದ ಯುವಕನೊಬ್ಬ ಅಂಥದನ್ನು ಕೊಳ್ಳಲು ಹೊರಟರೆ, ಅವನ ಮೂಳೆಗಳಲ್ಲಿ ಆ ಕಪ್ಪು ಗೆರೆ ಉಳಿದಿಲ್ಲ ಎಂಬುದನ್ನು ಮನೆಯ ಹಿರಿಯರು ತಿಳಿಯಹೇಳಬೇಕು. ಕಳ್ಳತನದಲ್ಲಿ ಟೆಸ್ಟೋಸ್ಟೆರೋನ್ ಚುಚ್ಚಿಸಿಕೊಳ್ಳುವ ಹದಿಹರೆಯದ ಹುಡುಗನಿಗಂತೂ ಇನ್ನೂ ಬಿಡಿಸಿ ಹೇಳಬೇಕು. ಸ್ನಾಯು ಬೆಳೆಯಲೆಂದು ಅವನು ಹಾಕಿಸಿಕೊಂಡ ಔಷಧಿಯ ಒಂದು ಪಾಲು ಅವನ ದೇಹದಲ್ಲಿಯೇ ಈಸ್ಟ್ರೋಜನ್ ಆಗಿ ಮಾರ್ಪಟ್ಟು, ಇನ್ನೂ ಬರಬೇಕಾಗಿದ್ದ ಎತ್ತರವನ್ನು ಅಲ್ಲಿಗೇ ಮುಗಿಸಿಬಿಡುತ್ತದೆ.